ಕ್ಲೈಂಟ್ ಜೊತೆ ಕಾಲ್ ಮುಗಿದ ಮೇಲೆ ಮೇಲ್ ಬರೆಯುವುದು ಹೇಗೆ?

ಒಮ್ಮೆ ಕ್ಲೈಂಟ್‌ಗೆ ಫೋನಿನಲ್ಲಿ ‘20ಕ್ಕೆ ರೆಡಿ ಇರುತ್ತೆ’ ಎಂದಿದ್ದೆ. ನನ್ನ ಲೆಕ್ಕದಲ್ಲಿ ಅದು ಮೊದಲ ಕರಡು. ಅವರ ಲೆಕ್ಕದಲ್ಲಿ ವೆಬ್‌ಸೈಟ್ ಜನರಿಗೆ ತೆರೆದುಕೊಳ್ಳುವ ದಿನ. ಇಬ್ಬರಿಗೂ ಅದು ತಿಳಿದದ್ದು 20ರ ಬೆಳಿಗ್ಗೆಯೇ. ಅಂದಿನಿಂದ ಕಾಲ್ ಮುಗಿದ ಒಂದೆರಡು ಗಂಟೆಯೊಳಗೆ, ತಡವಾದರೆ ಅದೇ ದಿನ, ಮೇಲ್ ಕಳುಹಿಸದೆ ನಾನು ಕೆಲಸ ಶುರು ಮಾಡುವುದಿಲ್ಲ.

ತಯಾರಿ ಕಾಲ್ ನಡೆಯುವಾಗಲೇ ಆಗಬೇಕು. ಟಿಪ್ಪಣಿ ಬರೆದುಕೊಳ್ಳುವಾಗ ಒಪ್ಪಿದ್ದಕ್ಕೆ ಸರಿ ಗುರುತು, ದಿನಾಂಕಕ್ಕೆ ಸುತ್ತು, ತೀರ್ಮಾನವಾಗದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಇಲ್ಲಿ ಕಿವಿ ಚುರುಕಾಗಿರಬೇಕು. ‘ಹೂಂ’ ಎಂದರೆ ಕೇಳಿಸಿಕೊಂಡೆ ಎಂದಷ್ಟೇ ಅರ್ಥವಿರಬಹುದು. ‘ಆಗಲಿ, ನೋಡೋಣ’ ಎಂದವರು ಇನ್ನೂ ಒಪ್ಪಿಲ್ಲ. ಅಂಥ ಮಾತನ್ನು ಒಪ್ಪಿದ ವಿಷಯಗಳ ಸಾಲಿಗೆ ಸೇರಿಸಿದರೆ ಕ್ಲೈಂಟ್‌ಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಅದರ ಜಾಗ ಪ್ರಶ್ನೆಗಳ ಜೊತೆಗೆ.

ವಿಷಯದ ಸಾಲಿನಲ್ಲಿ ಕೆಲಸದ ಹೆಸರು, ಕಾಲ್ ನಡೆದ ದಿನ ಇರಲಿ. ಎರಡು ತಿಂಗಳ ನಂತರ ಹುಡುಕಿದಾಗಲೂ ಸಿಗುತ್ತದೆ. ಕಾಲ್‌ನಲ್ಲಿ ಇದ್ದವರಿಗೆಲ್ಲ ಪ್ರತಿ ಕಳುಹಿಸಿ. ಕಾಲ್‌ನಲ್ಲಿ ಇಲ್ಲದ ಅವರ ಮೇಲಧಿಕಾರಿಯನ್ನು ಹೇಳದೆ ಕೇಳದೆ ಸೇರಿಸಬೇಡಿ. ದೂರು ಕೊಟ್ಟ ಹಾಗೆ ಕಾಣುತ್ತದೆ.

ಇನ್ನು ಮೇಲ್. ಒಂದು ಕಂಪನಿಯ ವೆಬ್‌ಸೈಟನ್ನು ಹೊಸದಾಗಿ ಮಾಡಿಕೊಡುವ ಬಗ್ಗೆ ಮಾರ್ಚ್ 10ರ ಸೋಮವಾರ ಮಾತಾಗಿದೆ ಎಂದುಕೊಳ್ಳಿ.

> ವಿಷಯ: ವೆಬ್‌ಸೈಟ್ ಕೆಲಸ – ಮಾರ್ಚ್ 10ರ ಮಾತುಕತೆ
>
> ನಮಸ್ಕಾರ ಮೇಡಂ,
>
> ಇಂದು ಮಾತಾಡಿದ್ದನ್ನು ನಾನು ಅರ್ಥ ಮಾಡಿಕೊಂಡಂತೆ ಬರೆದಿದ್ದೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿ.
>
> ಒಪ್ಪಿಕೊಂಡದ್ದು: ಒಟ್ಟು ಐದು ಪುಟಗಳು. ಬರಹ ನಾವು ಸಿದ್ಧಪಡಿಸುತ್ತೇವೆ, ಫೋಟೊಗಳು ನಿಮ್ಮ ಕಡೆಯಿಂದ.
>
> ದಿನಾಂಕ: ಫೋಟೊಗಳು ಮಾರ್ಚ್ 14, ಶುಕ್ರವಾರ ಸಂಜೆ 5ರೊಳಗೆ ನಮಗೆ ಸಿಗಬೇಕು. ಮಾರ್ಚ್ 20, ಗುರುವಾರ ಸಂಜೆ ಐದೂ ಪುಟಗಳ ಮೊದಲ ಕರಡು ನಿಮ್ಮ ಕೈಗೆ ಬರುತ್ತದೆ. ಫೋಟೊ ತಡವಾದರೆ, ಅವು ಸಿಕ್ಕ ನಂತರ ಕರಡಿಗೆ ನಾಲ್ಕು ಕೆಲಸದ ದಿನ ಬೇಕು.
>
> ತೀರ್ಮಾನ ಬಾಕಿ: ಸೈಟ್‌ನಲ್ಲೇ ಹಣ ಪಾವತಿಸುವ ಸೌಲಭ್ಯ ಬೇಕೇ, ಬೇಡವೇ? ನಿಮ್ಮ ಲೆಕ್ಕಪತ್ರ ವಿಭಾಗದವರನ್ನು ಕೇಳಿ ಮಾರ್ಚ್ 17, ಸೋಮವಾರ ಹೇಳುವುದಾಗಿ ತಿಳಿಸಿದ್ದೀರಿ. ಅಲ್ಲಿಯವರೆಗೆ ಆ ಭಾಗದ ಕೆಲಸ ಶುರು ಮಾಡುವುದಿಲ್ಲ. ಬೇಕೆಂದಾದರೆ ಅದರ ದರ ಮತ್ತು ಸಮಯವನ್ನು ಪ್ರತ್ಯೇಕವಾಗಿ ಕಳುಹಿಸುತ್ತೇನೆ.

ದಿನಾಂಕದ ಭಾಗವನ್ನು ಇನ್ನೊಮ್ಮೆ ನೋಡಿ. ‘ಮುಂದಿನ ಶುಕ್ರವಾರ’ ಎಂದು ಬರೆದಿದ್ದರೆ ಈ ವಾರದ್ದೋ, ಬರುವ ವಾರದ್ದೋ ಎಂಬ ಗೊಂದಲ ಉಳಿಯುತ್ತಿತ್ತು. ದಿನಾಂಕದ ಜೊತೆ ವಾರವನ್ನೂ ಬರೆದರೆ ಒಂದು ತಪ್ಪಿದರೂ ಇನ್ನೊಂದು ಹಿಡಿದುಕೊಡುತ್ತದೆ. ಆ ದಿನ ಏನು ಸಿಗುತ್ತದೆ ಎಂಬುದನ್ನೂ ಹೇಳಬೇಕು. ‘ರೆಡಿ’ ಎಂಬ ಪದವನ್ನು ನಾನು ಈಗ ಬರೆಯುವುದೇ ಇಲ್ಲ. ನಮ್ಮ ಗಡುವು ಅವರು ಕೊಡಬೇಕಾದ ವಸ್ತುವಿನ ಮೇಲೆ ನಿಂತಿದ್ದರೆ ಆ ಕೊಂಡಿಯನ್ನು ಬಾಯಿಬಿಟ್ಟು ಹೇಳಿ. ಮೇಲಿನ ಮೇಲ್‌ನಲ್ಲಿ 14ರಿಂದ 20ಕ್ಕೆ ನಾಲ್ಕೇ ಕೆಲಸದ ದಿನ. ಫೋಟೊ 18ಕ್ಕೆ ಬಂದರೆ ಕರಡು 24ಕ್ಕೆ ಹೋಗುತ್ತದೆ ಎಂಬುದು ಆಗ ಇಬ್ಬರಿಗೂ ಮೊದಲೇ ತಿಳಿದಿರುತ್ತದೆ, ವಾದಕ್ಕೆ ಎಡೆಯಿರುವುದಿಲ್ಲ.

ಹೆಚ್ಚು ಮೇಲ್‌ಗಳು ಸೋಲುವುದು ಬಾಕಿ ಪ್ರಶ್ನೆಯಲ್ಲಿ. ‘ಪಾವತಿ ಬಗ್ಗೆ ನಂತರ ತಿಳಿಸಿ’ ಎಂದರೆ ಯಾರೂ ತಿಳಿಸುವುದಿಲ್ಲ. ಹೌದು-ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ, ಉತ್ತರಿಸಬೇಕಾದವರು, ದಿನಾಂಕ, ಅಲ್ಲಿಯವರೆಗೆ ಕೆಲಸದ ಸ್ಥಿತಿ – ಈ ನಾಲ್ಕೂ ಇದ್ದರೆ ಪ್ರಶ್ನೆ ಕಳೆದುಹೋಗುವುದಿಲ್ಲ.

‘ಉತ್ತರ ಬಾರದಿದ್ದರೆ ಒಪ್ಪಿಗೆ ಎಂದುಕೊಳ್ಳುತ್ತೇನೆ’ ಎಂಬ ಸಾಲನ್ನು ಕೆಲವರು ಸೇರಿಸುತ್ತಾರೆ. ಬಟನ್ನಿನ ಬಣ್ಣದಂಥ ಸಣ್ಣ ವಿಷಯಕ್ಕೆ ಪರವಾಗಿಲ್ಲ. ಹಣಕ್ಕಾಗಲಿ, ಕೆಲಸದ ವ್ಯಾಪ್ತಿಗಾಗಲಿ ಅದನ್ನು ನೆಚ್ಚಬೇಡಿ. ಮೌನವನ್ನು ಸಾಮಾನ್ಯವಾಗಿ ಒಪ್ಪಂದ ಎಂದು ಪರಿಗಣಿಸುವುದಿಲ್ಲ. ಅಂಥದ್ದಕ್ಕೆ ಬರಹದಲ್ಲೇ ‘ಹೌದು’ ಬರಬೇಕು.

‘ಸರಿ, ಥ್ಯಾಂಕ್ಸ್’ ಎಂದಷ್ಟೇ ಉತ್ತರ ಬಂದರೆ ಮೇಲ್ ಪೂರ್ತಿ ಓದಿಲ್ಲದಿರಬಹುದು. 17ರ ಬೆಳಿಗ್ಗೆ ಅದೇ ಮೇಲ್‌ಗೆ ಉತ್ತರವಾಗಿ ಪಾವತಿಯ ಪ್ರಶ್ನೆಯೊಂದನ್ನೇ ಮತ್ತೆ ಕೇಳಿ. ಅವರು ಏನಾದರೂ ತಿದ್ದಿದರೆ ಹೊಸ ಮೇಲ್ ತೆರೆಯದೆ ಅದರಲ್ಲೇ ಬದಲಾದ ಸಾಲನ್ನಷ್ಟೇ ಬರೆಯಿರಿ: ‘ಐದು ಪುಟಗಳ ಬದಲು ಆರು. ಆದ್ದರಿಂದ ಕರಡು ಮಾರ್ಚ್ 20ರ ಬದಲು 21, ಶುಕ್ರವಾರ ಸಂಜೆ. ಉಳಿದದ್ದು ಮೊದಲಿನಂತೆಯೇ.’