ಕಬಡ್ಡಿ ತಂಡಕ್ಕೆ ನೀರುಳ್ಳಿಯ ಹೆಸರಿಟ್ಟ ನನ್ನ ಅನುಭವ

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ಆಸುಪಾಸಿನ ಎಂಟು ತಂಡಗಳನ್ನು ಸೇರಿಸಿ ನಾವು ನಡೆಸಿದ ಕಬಡ್ಡಿ ಲೀಗ್ ಒಂದೇ ಒಂದು ಹೊಡೆದಾಟವಿಲ್ಲದೆ ಮುಗಿಯಿತು. ಇದಕ್ಕೆ ಮುಖ್ಯ ಕಾರಣ ತಂಡಗಳ ಹೆಸರುಗಳೇ ಎಂಬುದನ್ನು ಅಂದು ನನ್ನನ್ನು ವಿರೋಧಿಸಿದವರೂ ಈಗ ಒಪ್ಪುತ್ತಾರೆ. ನಾನು ಇಟ್ಟ ನಿಯಮ ಸರಳವಾಗಿತ್ತು: ತಂಡದ ಹೆಸರಿನಲ್ಲಿ ಊರಿನ ಹೆಸರಿರಬೇಕು, ಅದರ ಜೊತೆಗೆ ಆ ಊರಿನ ನೆಲ ಅಥವಾ ನೀರು ಕೊಡುವ ಪದಾರ್ಥವೊಂದಿರಬೇಕು, ಮತ್ತು ಪಂದ್ಯ ಸೋತ ತಂಡದ ನಾಯಕ ಆ ಪದಾರ್ಥವನ್ನೇ ಗೆದ್ದವರ ಕೈಗೆ ಕೊಟ್ಟು ಅಂಗಣದಿಂದ ಹೊರಡಬೇಕು.

ಈ ನಿಯಮಕ್ಕೆ ಬರುವ ಮೊದಲು ಸಮಿತಿ ಬೇರೆ ದಾರಿಗಳನ್ನು ತುಳಿದು ಹಣ ಕಳೆದುಕೊಂಡಿತ್ತು. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ನಮ್ಮ ಕಡೆಯ ಪ್ರತಿ ಊರಿನ ಹುಡುಗರಿಗೂ ಬುಲ್ಸ್, ಟೈಗರ್ಸ್, ವಾರಿಯರ್ಸ್ ಎಂಬ ಹೆಸರುಗಳೇ ಬೇಕು. ಹಾಗಾಗಿ ಸಮಿತಿಯವರು ಮೊದಲಿಗೆ ಪ್ರಾಣಿಗಳ ಹೆಸರುಗಳನ್ನು ಚೀಟಿ ಎತ್ತಿ ಹಂಚಿದರು. ಯಾವ ಹುಲಿ ಯಾವ ಊರಿನದೆಂದು ಪ್ರೇಕ್ಷಕರಿಗೆ ತಿಳಿಯದ ಕಾರಣ ಅಭ್ಯಾಸ ಪಂದ್ಯಗಳಲ್ಲಿ ಚಪ್ಪಾಳೆಯೇ ಬರಲಿಲ್ಲ. ಆ ಹೆಸರಿನಲ್ಲಿ ಮಾಡಿಸಿದ ಫ್ಲೆಕ್ಸ್ ಮತ್ತು ಎರಡು ತಂಡಗಳ ಜೆರ್ಸಿಗೆ ಸುಮಾರು 11 ಸಾವಿರ ರೂಪಾಯಿ ವ್ಯರ್ಥವಾಯಿತು. ಬಳಿಕ ಗ್ರಾಮದೇವತೆಗಳ ಹೆಸರಿಡುವ ಸಲಹೆ ಬಂದಾಗ ನಾನು ಗಟ್ಟಿಯಾಗಿ ವಿರೋಧಿಸಿದೆ. ದೇವರ ಹೆಸರಿನ ತಂಡ ಪೂರ್ತಿ ಔಟಾಗಿ ಲೋನಾ ಬಿಟ್ಟುಕೊಟ್ಟಾಗ ಎದುರಿನವರು ಕೂಗುವ ಒಂದು ಮಾತು ಆಟದ ಮಾತಾಗಿ ಉಳಿಯುವುದಿಲ್ಲ. ಹಿಂದೊಮ್ಮೆ ಹೊರ ತಾಲೂಕಿನ ಪಂದ್ಯಾವಳಿಯೊಂದು ಇಂತಹ ಕೂಗಿನಿಂದಲೇ ಮಧ್ಯರಾತ್ರಿ ನಿಂತುಹೋದದ್ದನ್ನು ನಾನು ಅಂಪೈರ್ ಆಗಿ ಅಂಗಣದೊಳಗೇ ನಿಂತು ಕಂಡಿದ್ದೇನೆ.

ಪದಾರ್ಥದ ಹೆಸರನ್ನು ಮುಂದಿಟ್ಟಾಗ ಸಭೆ ನಕ್ಕಿತು. "ಮಾಸ್ತರೆ, ನೀರುಳ್ಳಿ ತಂಡಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದು ಖಜಾಂಚಿಯೇ ಕೇಳಿದರು. ಪ್ರಾಯೋಜಕರು ತಂಡವೊಂದಕ್ಕೆ ಹತ್ತು ಸಾವಿರ ಕೊಟ್ಟು ತಮ್ಮ ಅಂಗಡಿಯ ಹೆಸರನ್ನೇ ತಂಡಕ್ಕೆ ಇಡಬೇಕೆಂದು ಬಯಸಿದ್ದರು. ನಾನು ಅವರಿಗೆ ಜೆರ್ಸಿಯಲ್ಲಿ ಎದೆಯ ಮೇಲಿನ ಜಾಗವನ್ನು ಕೊಟ್ಟು, ಬೆನ್ನಿನ ಜಾಗವನ್ನು ಊರಿಗೆ ಉಳಿಸಿಕೊಂಡೆ. ಇಬ್ಬರು ಹಿಂದೆ ಸರಿದರು, ಉಳಿದವರು ಸುಮಾರು ಏಳು ಸಾವಿರದಂತೆ ಕೊಟ್ಟರು. ಹಿಂದೆ ಸರಿದ ಒಬ್ಬರು ಲೀಗ್‌ನ ಎರಡನೆಯ ವಾರದಲ್ಲಿ ತಾವಾಗಿಯೇ ಬಂದು ಗಣ್ಯರ ಪೆಂಡಾಲಿನ ಖರ್ಚನ್ನು ವಹಿಸಿಕೊಂಡರೆಂಬುದನ್ನು ಇಲ್ಲಿ ಸಂತೋಷದಿಂದ ಹೇಳುತ್ತೇನೆ.

ಕೆಲವು ಊರುಗಳಲ್ಲಿ ಹೆಸರು ತಾನಾಗಿಯೇ ಸಿದ್ಧವಿತ್ತು. ಅಳ್ವೆಕೋಡಿಗೆ ಜಡೆಯಂತೆ ಹೆಣೆದು ಹೆದ್ದಾರಿಯ ಪಕ್ಕ ತೂಗುಹಾಕುವ ಸಿಹಿ ನೀರುಳ್ಳಿ, ಸಾಣಿಕಟ್ಟಾಕ್ಕೆ ಉಪ್ಪು, ಮಾಣಿಕಟ್ಟಾಕ್ಕೆ ಉಪ್ಪುನೀರಿನ ಗಜನಿ ಗದ್ದೆಯಲ್ಲೂ ಬೆಳೆದು ನಿಲ್ಲುವ ಕಗ್ಗ ಭತ್ತ, ಅಘನಾಶಿನಿ ಊರಿಗೆ ಅಳಿವೆಯ ಚಿಪ್ಪುಜೀವಿಯಾದ ಬಳಚು. ತೆಂಗಿಗಾಗಿ ಮಾತ್ರ ಎರಡು ಊರುಗಳು ಪಟ್ಟುಹಿಡಿದವು. ಕರಾವಳಿಯ ಎಲ್ಲ ಊರಲ್ಲೂ ಇರುವ ಮರ ಯಾವ ಊರಿನ ಗುರುತೂ ಆಗುವುದಿಲ್ಲವೆಂದು ತಿಳಿಹೇಳಿ, ಒಂದಕ್ಕೆ ಸೀಯಾಳವನ್ನೂ ಇನ್ನೊಂದಕ್ಕೆ ಕತ್ತದ ಹಗ್ಗವನ್ನೂ ಒಪ್ಪಿಸಿದೆ. ಯಾವ ಊರಿನ ಹಿರಿಯರನ್ನು ಮೊದಲು ಕಂಡೆ, ಯಾರನ್ನು ಕೊನೆಗೆ ಉಳಿಸಿಕೊಂಡೆ ಎಂಬುದರಲ್ಲಿ ಅರ್ಧ ಕೆಲಸ ಅಡಗಿದೆ. ಮುಂದಿನ ವರ್ಷವೂ ಅದೇ ಕೆಲಸ ನನ್ನ ಮೇಲಿರುವುದರಿಂದ ಆ ವಿವರವನ್ನು ಇಲ್ಲಿ ಬರೆಯುವುದಿಲ್ಲ.

ಹೆಚ್ಚು ಕಷ್ಟವಾದದ್ದು ಮಿರ್ಜಾನ್ ತಂಡದ್ದು. ಹುಡುಗರಿಗೆ ತಮ್ಮೂರಿನ ಕೋಟೆಯ ಹೆಸರೇ ಬೇಕಿತ್ತು, ಅವರ ಅಭಿಮಾನ ನ್ಯಾಯವಾದದ್ದೇ ಆಗಿತ್ತು. ನಾನು ಆ ಹೆಸರನ್ನು ತಿರಸ್ಕರಿಸದೆ, ಎದುರಾಳಿಯಾಗಬೇಕಿದ್ದ ಪಕ್ಕದ ಊರಿನ ಹುಡುಗರನ್ನು ಕರೆದು, "ಈ ಹೆಸರಿನವರು ಸೋತರೆ ನೀವು ಏನೆಂದು ಕೂಗುತ್ತೀರಿ?" ಎಂದು ಅವರ ಎದುರಿನಲ್ಲೇ ಕೇಳಿದೆ. ಕ್ಷಣವೂ ಯೋಚಿಸದೆ "ಕೋಟೆ ಬಿತ್ತು, ಬಾಗಿಲು ಮುರಿಯಿತು" ಎಂದರು. ಮಿರ್ಜಾನ್ ಹುಡುಗರ ಮುಖ ಬಿಗಿಯಿತು. ನಂತರ ಅವರು ಆ ಕೋಟೆಯ ರಾಣಿ ಚೆನ್ನಭೈರಾದೇವಿಯ ಹೆಸರು ಹೇಳಿದರು. ಅದಕ್ಕೆ ಬಂದ ಕೂಗನ್ನು ಇಲ್ಲಿ ಬರೆಯಲಾರೆ. ಆಗ ನಾನು, 16ನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆದದ್ದನ್ನೂ, ಆ ಮೆಣಸು ಹಡಗು ಹತ್ತುತ್ತಿದ್ದ ಬಂದರುಗಳಲ್ಲಿ ಮಿರ್ಜಾನ್ ಒಂದಾಗಿದ್ದುದನ್ನೂ ನೆನಪಿಸಿದೆ. ಕೋಟೆಯೂ ರಾಣಿಯೂ ಮೆಣಸಿನೊಳಗೇ ಇದ್ದಾರೆಂದು ಅವರಲ್ಲೇ ಒಬ್ಬ ಹೇಳಿದ ಮೇಲೆ ಹೆಸರು "ಮಿರ್ಜಾನ್ ಕಾಳುಮೆಣಸು" ಎಂದು ನಿಂತಿತು. ಅದೇ ಪಕ್ಕದೂರಿನವರನ್ನು ಮತ್ತೆ ಕೇಳಿದಾಗ "ಖಾರವೇ ಇಲ್ಲ" ಎಂದರು, ಎರಡೂ ಕಡೆಯವರು ನಕ್ಕರು. ಕೂಗು ಕೇಳಿ ಹೆಸರಿನವರೇ ನಕ್ಕರೆ ಆ ಹೆಸರು ನಡೆಯುತ್ತದೆ. ಅವರು ಮೌನವಾದರೆ ಎಷ್ಟೇ ಚಂದವಿದ್ದರೂ ಬಿಡಬೇಕು. ಈ ಪರೀಕ್ಷೆಯನ್ನು ಎಲ್ಲ ತಂಡಗಳಿಗೂ ಮಾಡಿದೆ.

ಇದರ ಜೊತೆಗೆ ವೀಕ್ಷಕ ವಿವರಣೆಗೂ ಒಂದು ಕಟ್ಟಳೆ ಹಾಕಿದೆ. ಅಂಕ ಬಂದಾಗ ಊರಿನ ಹೆಸರು, ಆಟಗಾರ ಔಟಾದಾಗ ಪದಾರ್ಥದ ಹೆಸರು ಮಾತ್ರ. "ಮಿರ್ಜಾನಿಗೆ ಎರಡು ಅಂಕ" ಎಂದು ಮೈಕಿನಲ್ಲಿ ಬರಬಹುದು, ಆದರೆ "ಮಿರ್ಜಾನ್ ಆಲೌಟ್" ಎಂದು ಬರಕೂಡದು, "ಮೆಣಸು ಆಲೌಟ್" ಎನ್ನಬೇಕು. ರಾತ್ರಿಯಿಡೀ ಧ್ವನಿವರ್ಧಕದಲ್ಲಿ ಸೋಲಿನ ಮಾತಿನೊಡನೆ ಊರಿನ ಹೆಸರು ಕೇಳಿಬರದಿದ್ದರೆ ಅಂಗಣದ ಹೊರಗೆ ನಿಂತವರ ಬಿಸಿ ಎಷ್ಟು ಇಳಿಯುತ್ತದೆಂಬುದು ಕಂಡವರಿಗೇ ಗೊತ್ತು. ಮೂವತ್ತು ಸೆಕೆಂಡಿನ ರೈಡ್ ನಡುವೆ ಹೇಳಬೇಕಾದ್ದರಿಂದ ಪದಾರ್ಥದ ಹೆಸರು ನಾಲ್ಕು ಅಕ್ಷರ ಮೀರಿದರೆ ವಿವರಣೆಕಾರ ತಾನೇ ತುಂಡರಿಸುತ್ತಾನೆ. ಕಾಳುಮೆಣಸು ಮೆಣಸಾದದ್ದೂ ಕತ್ತದ ಹಗ್ಗ ಬರಿಯ ಕತ್ತವಾದದ್ದೂ ಹಾಗೆಯೇ.

ಕೊಡುಗೆಯ ಬೆಲೆ ಇನ್ನೂರು ರೂಪಾಯಿ ದಾಟಬಾರದೆಂದು ಮೊದಲೇ ಗೊತ್ತುಮಾಡಿದ್ದೆವು: ಕಾಲು ಕಿಲೋ ಮೆಣಸು, ಎರಡು ಜಡೆ ನೀರುಳ್ಳಿ, ಎರಡು ಕಿಲೋ ಕಗ್ಗದ ಕೆಂಪಕ್ಕಿ, ಒಂದು ಸಣ್ಣ ಚೀಲ ಉಪ್ಪು. ಲೀಗನ್ನು ಏಪ್ರಿಲಿಗೆ ಇಟ್ಟದ್ದೂ ಇದಕ್ಕಾಗಿಯೇ, ಏಕೆಂದರೆ ಆ ಹೊತ್ತಿಗೆ ಮೆಣಸು ಒಣಗಿ ಮನೆಯೊಳಗಿರುತ್ತದೆ, ನೀರುಳ್ಳಿ ಮಾರಾಟಕ್ಕೆ ಬಂದಿರುತ್ತದೆ, ಆಗರದಲ್ಲಿ ಉಪ್ಪು ಎಳೆಯುತ್ತಿರುತ್ತಾರೆ. ಬಳಚು ತೊಡಕು ತಂದಿತು. ಅದು ಬೆಳಗಿನವರೆಗೆ ಉಳಿಯುವುದಿಲ್ಲ, ಎದುರು ತಂಡದಲ್ಲಿ ತಿನ್ನದವರೂ ಇರುತ್ತಾರೆ. ಅಂಥ ಪಂದ್ಯಗಳಲ್ಲಿ ಬುಟ್ಟಿಯಲ್ಲಿ ತೊಳೆದ ಬಳಚಿನ ಚಿಪ್ಪುಗಳನ್ನು ಹಾಸಿ, ಮೇಲೆ ತೆಂಗಿನಕಾಯಿ ಇಟ್ಟು ಕೊಡುವ ಪದ್ಧತಿಯನ್ನು ಅಘನಾಶಿನಿಯವರೇ ಕಂಡುಕೊಂಡರು. ಅವರ ಡಿಫೆಂಡರುಗಳು ರೈಡರನನ್ನು ಚೈನ್ ಹಾಕಿ ಮುಚ್ಚಿದಾಗಲೆಲ್ಲ "ಬಳಚು ಬಾಯಿ ಮುಚ್ಚಿತು" ಎಂಬ ಕೂಗು ಎದುರು ಊರಿನವರಿಂದಲೂ ಬರತೊಡಗಿದ್ದನ್ನು ಕೇಳಿ, ಹೆಸರು ಬೇರು ಬಿಟ್ಟಿತೆಂದು ನನಗೆ ಖಚಿತವಾಯಿತು.

ಜೆರ್ಸಿಯ ಬಣ್ಣವನ್ನೂ ಪದಾರ್ಥಕ್ಕೆ ಹೊಂದಿಸಲು ಹೋದದ್ದು ಅಷ್ಟಾಗಿ ಫಲಿಸಲಿಲ್ಲ. ಸಾಣಿಕಟ್ಟಾ ಉಪ್ಪಿನ ಬಿಳಿ ಜೆರ್ಸಿ ಮೊದಲ ರಾತ್ರಿಯೇ ಕೆಂಪು ಮಣ್ಣು ಹಿಡಿದು ಮತ್ತೆ ಬಿಳಿಯಾಗಲಿಲ್ಲ. ತಿಳಿನೀಲಿಗೆ ಬಿಳಿ ಅಂಚು ಕೊಟ್ಟು ಹನ್ನೆರಡನ್ನು ಮರುಮುದ್ರಿಸಲು ನಾಲ್ಕು ಸಾವಿರದಷ್ಟು ಖರ್ಚಾಯಿತು.

ಈ ವಿಧಾನ ಪೇಟೆಯ ತಂಡಕ್ಕೆ ಹೊಂದುವುದಿಲ್ಲ, ಏಕೆಂದರೆ ಪೇಟೆಗೆ ತನ್ನದೆನ್ನುವ ಬೆಳೆಯಿಲ್ಲ. ಊರಿನ ಒಂದೇ ಕೇರಿಯವರ ಕಸುಬಿಗೆ ಸೇರಿದ ಪದಾರ್ಥವನ್ನು ಆರಿಸಿದರೆ ಉಳಿದ ಕೇರಿಗಳು ದೂರ ನಿಲ್ಲುತ್ತವೆ. ಆದ್ದರಿಂದ ಕೊಡುಗೆಯನ್ನು ಪ್ರತಿ ಪಂದ್ಯಕ್ಕೂ ಬೇರೆ ಬೇರೆ ಕೇರಿಯ ಮನೆಯಿಂದ ತರಿಸಬೇಕು. ಮುಂದಿನ ವರ್ಷ ಪೇಟೆಯವರೂ ಸೇರಲು ಕೇಳಿದ್ದಾರೆ. ಅವರಿಗೆ ಬೆಳೆಯ ಬದಲು ತಿಂಡಿಯ ಹೆಸರು ಇಡಬಹುದೇ ಎಂದು ಎದುರಾಳಿ ಊರುಗಳ ಹುಡುಗರನ್ನು ಕೂರಿಸಿ ಕೂಗಿನ ಪರೀಕ್ಷೆಯನ್ನು ಈಗಾಗಲೇ ಆರಂಭಿಸಿದ್ದೇನೆ.