ರೇಡಿಕ್ಸ್ ಸಾರ್ಟ್ ತಪ್ಪುವುದು ಕೊನೆಯ ಲೂಪಿನಲ್ಲಿ

42, 17, 47, 12. ಈ ನಾಲ್ಕು ಸಂಖ್ಯೆಗಳನ್ನು ಒಂದರೊಡನೊಂದು ಹೋಲಿಸದೆ ಏರಿಕೆ ಕ್ರಮಕ್ಕೆ ತರಬೇಕು. ರೇಡಿಕ್ಸ್ ಸಾರ್ಟ್ ಮೊದಲು ಬಿಡಿ ಸ್ಥಾನದ ಅಂಕಿ ನೋಡಿ ಜೋಡಿಸುತ್ತದೆ, ಆಮೇಲೆ ಹತ್ತರ ಸ್ಥಾನದ್ದು. ಎರಡೂ ಸುತ್ತಿನಲ್ಲಿ ಕೆಲಸ ಮಾಡುವುದು ಕೌಂಟಿಂಗ್ ಸಾರ್ಟ್.

ಬಿಡಿ ಸ್ಥಾನದಲ್ಲಿ 2 ಎರಡು ಸಲ, 7 ಎರಡು ಸಲ ಬಂದಿದೆ. ಈ ಎಣಿಕೆಗಳನ್ನು C ಎಂಬ ಅರೇಯಲ್ಲಿ ಬರೆದು, ಎಡದಿಂದ ಕೂಡಿಸುತ್ತಾ ಹೋಗಿ. ಆಗ C[2] = 2, C[7] = 4. ಅಂದರೆ 2ರಲ್ಲಿ ಕೊನೆಗೊಳ್ಳುವವು ಮೊದಲ ಎರಡು ಜಾಗದೊಳಗೆ ಮುಗಿಯುತ್ತವೆ, 7ರಲ್ಲಿ ಕೊನೆಗೊಳ್ಳುವವು ನಾಲ್ಕರೊಳಗೆ. ಇನ್ನು ಉಳಿದಿರುವುದು ಸಂಖ್ಯೆಗಳನ್ನು B ಅರೇಗೆ ಸಾಗಿಸುವುದು:

```
for i = n-1 downto 0:
    d = (A[i] / p) % 10
    C[d] = C[d] - 1
    B[C[d]] = A[i]
```

ಇಲ್ಲಿ p ಮೊದಲ ಸುತ್ತಿಗೆ 1, ಎರಡನೆಯದಕ್ಕೆ 10. ಭಾಗಾಕಾರದಲ್ಲಿ ಪೂರ್ಣಾಂಕವಷ್ಟೇ ಬೇಕು. ಮೊದಲ ಸುತ್ತು ಮುಗಿದಾಗ 42, 12, 17, 47. ಎರಡನೆಯದು ಮುಗಿದಾಗ 12, 17, 42, 47. ಸರಿಯಾಗಿದೆ.

ಈಗ ಲೂಪನ್ನು 0ಯಿಂದ ಮೇಲಕ್ಕೆ ಓಡಿಸಿ ನೋಡಿ. ಮೊದಲ ಸುತ್ತಿಗೆ 12, 42, 47, 17. ಕೊನೆಗೆ ಸಿಗುವುದು 17, 12, 47, 42. ಹತ್ತರ ಸ್ಥಾನ ಸರಿಯಾಗಿದೆ, ಬಿಡಿ ಸ್ಥಾನ ತಲೆಕೆಳಗಾಗಿದೆ. ಈ ಗುರುತು ಕಂಡರೆ ದೋಷ ಲೂಪಿನ ದಿಕ್ಕಿನಲ್ಲೇ ಇದೆಯೇ ಎಂದು ಮೊದಲು ನೋಡಿ.

ಕಾರಣ ಇಷ್ಟೇ. 12 ಮತ್ತು 17ಕ್ಕೆ ಹತ್ತರ ಸ್ಥಾನದಲ್ಲಿ ಇರುವುದು ಒಂದೇ ಅಂಕಿ, 1. ಎರಡರಲ್ಲಿ ಯಾವುದು ಮುಂದೆ ಎಂದು ಹೇಳುವ ಮಾಹಿತಿ ಹಿಂದಿನ ಸುತ್ತು ಬಿಟ್ಟುಹೋದ ಕ್ರಮದಲ್ಲಿ ಮಾತ್ರ ಇದೆ. ಸಮಾನ ಅಂಕಿಯವುಗಳ ಹಳೆಯ ಕ್ರಮವನ್ನು ಹಾಗೆಯೇ ಉಳಿಸುವ ಗುಣವನ್ನೇ ಸ್ಟೇಬಲ್ ಎನ್ನುವುದು. C[d] ಪ್ರತಿ ಗುಂಪಿನ ಕೊನೆಯ ಜಾಗದಿಂದ ಹಿಂದಕ್ಕೆ ತುಂಬುವುದರಿಂದ, ಕೊನೆಯ ಸಂಖ್ಯೆಯೇ ಮೊದಲು ಹೋಗಬೇಕು. C[d]ಯಲ್ಲಿ ಗುಂಪು ಶುರುವಾಗುವ ಜಾಗವನ್ನು ಇಟ್ಟುಕೊಂಡು, ಸಂಖ್ಯೆ ಹಾಕಿದ ಮೇಲೆ ಒಂದು ಕೂಡಿಸುವುದಾದರೆ ಎಡದಿಂದ ಬಲಕ್ಕೆ ಹೋದರೂ ಸ್ಟೇಬಲ್. "ಹಿಂದಿನಿಂದ ಓಡಿಸಬೇಕು" ಎಂದಷ್ಟೇ ಉರು ಹೊಡೆದವರು ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.

ಬರೀ ಪೂರ್ಣಾಂಕಗಳ ಮೇಲೆ ಕೌಂಟಿಂಗ್ ಸಾರ್ಟ್ ಒಂದನ್ನೇ ಪರೀಕ್ಷಿಸಿದರೆ ಈ ತಪ್ಪು ಹೊರಬೀಳುವುದೇ ಇಲ್ಲ, ಏಕೆಂದರೆ ಒಂದು 7ಕ್ಕೂ ಇನ್ನೊಂದು 7ಕ್ಕೂ ವ್ಯತ್ಯಾಸ ಕಾಣದು. ಆದ್ದರಿಂದ (7, ಅ), (2, ಆ), (7, ಇ) ಹೀಗೆ ಗುರುತು ಹಚ್ಚಿದ ಜೋಡಿಗಳನ್ನು ಕೊಟ್ಟು ನೋಡಿ. ಉತ್ತರದಲ್ಲಿ ಅ ಬಂದ ಮೇಲೆಯೇ ಇ ಬರಬೇಕು.

ವೇಗದ ಪ್ರಶ್ನೆಗೆ ಉತ್ತರಿಸುವ ಮುನ್ನ ಬೆಲೆಗಳ ವ್ಯಾಪ್ತಿ k ಎಷ್ಟೆಂದು ನೋಡಿ. ಕೌಂಟಿಂಗ್ ಸಾರ್ಟ್‌ಗೆ O(n + k) ಸಮಯ ಬೇಕು. ಹತ್ತೇ ಸಂಖ್ಯೆಗಳಿದ್ದು ಅವು ನೂರು ಕೋಟಿಯವರೆಗೆ ಹೋದರೆ C ಅರೇಗೂ ಅಷ್ಟೇ ಜಾಗ ಬೇಕಾಗುತ್ತದೆ. ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆಗಳನ್ನು 8 ಬಿಟ್‌ಗಳಂತೆ ಒಡೆದರೆ 256 ಮನೆಗಳ C ಸಾಕು, ನಾಲ್ಕು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ.