ಓಟಿ ಕ್ಲಾಗ್ ಯಾಕೆ ಜಾರ್ತಿತ್ತು ಅಂತ ಬೆಟಾಡಿನ್ ಹಾಕಿ ನೋಡಿದ ಕಥೆ

ನಾನು ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಓಟಿ, ಅಂದ್ರೆ ಆಪರೇಷನ್ ಥಿಯೇಟರ್ ಟೆಕ್ನೀಷಿಯನ್, ಮನೆ ಬದಿಯಡ್ಕದ ಹತ್ರ. ನಮ್ಮಲ್ಲಿ ಮೊದಲು ಹವಾಯಿ ಚಪ್ಪಲಿಯೇ ಇದ್ದದ್ದು, ರಕ್ತ ಸಲೈನ್ ಎಲ್ಲ ಸೀದಾ ಬೆರಳ ಮೇಲೆ ಬೀಳ್ತಿತ್ತು, ಹಾಗಾಗಿ ಎದುರು ಮುಚ್ಚಿದ ಇವಿಎ ಕ್ಲಾಗ್ ಚಪ್ಪಲಿ ತರಿಸಿದ್ರು. ಇವಿಎ ಅಂದ್ರೆ ಫೋಮ್, ಆದ್ರೆ ಸ್ಪಂಜಿನ ಹಾಗಲ್ಲ, ಒಳಗಿನ ಒಂದೊಂದು ಗುಳ್ಳೆಯೂ ಬೇರೆ ಬೇರೆ ಮುಚ್ಚಿಕೊಂಡಿರ್ತದೆ, ನೀರು ಒಳಗೆ ಇಳಿಯುವುದಿಲ್ಲ, ತೊಳೆದು ಒರೆಸಿದ್ರೆ ಆಯ್ತು.

ತೊಂದರೆ ಶುರುವಾದದ್ದು ಮಳೆಗಾಲದಲ್ಲಿ. ನಮ್ಮ ಕಡೆ ಜೂನಲ್ಲಿ ಎಂತದ್ದೂ ಒಣಗುದಿಲ್ಲ ನಿಮಗೆ ಗೊತ್ತುಂಟಲ್ಲ, ಹಾಗಾಗಿ ಲಾಂಡ್ರಿಯವರು ಕ್ಲಾಗನ್ನು ಬಟ್ಟೆ ಮೆಷಿನಿಗೇ ಹಾಕಿ 60 ಡಿಗ್ರಿಯಲ್ಲಿ ತೊಳೆದು, ಆಮೇಲೆ ಡ್ರೈಯರಿಗೂ ಹಾಕ್ಲಿಕ್ಕೆ ಶುರು ಮಾಡಿದ್ರು. ನಾನೂ ಆಗ ಒಳ್ಳೇದೇ ಆಯ್ತು ಅಂದುಕೊಂಡೆ. ಒಂದೆರಡು ತಿಂಗಳಲ್ಲಿ ಸ್ಕ್ರಬ್ ಸಿಂಕಿನ ಹತ್ರ ಒಬ್ರು ಸಿಸ್ಟರ್ ಜಾರಿ ಮೊಣಕೈ ತಾಗಿಸಿಕೊಂಡ್ರು, ಮರುವಾರ ನಾನೇ ಟ್ರಾಲಿ ಹಿಡ್ಕೊಂಡು ಬಚಾವಾದೆ. ಎಲ್ರೂ ನೆಲ ಒರೆಸುವ ಚೇಚಿಗೆ ಬೈದ್ರು, ಪಾಪ. ಸೋಲ್ ತಿರುಗಿಸಿ ನೋಡಿದ್ರೆ ಗೀರು ಹೊಸದರ ಹಾಗೆಯೇ ಆಳ ಉಂಟು, ಸವೆದದ್ದೇ ಇಲ್ಲ.

ಮತ್ತೆ ಒಂದು ದಿನ ಕೇಸ್ ಬೇಗ ಮುಗಿದಾಗ ಸುಮ್ಮನೆ ಒಂದು ಕೆಲಸ ಮಾಡಿದೆ. ಬ್ಯಾಂಡೇಜ್ ಬಟ್ಟೆಯನ್ನು ಸ್ವಲ್ಪ ಬೆಟಾಡಿನಲ್ಲಿ ಅದ್ದಿ ಸೋಲಿಗೆ ತೆಳ್ಳಗೆ ಸವರಿ, ಕ್ಲಾಗ್ ಹಾಕಿಕೊಂಡು ಬಿಳಿ ಕಾಗದದ ಮೇಲೆ ಒಮ್ಮೆ ನಿಂತೆ. ಸ್ಟೋರಲ್ಲಿದ್ದ ಹೊಸ ಜೋಡಿಯ ಅಚ್ಚಲ್ಲಿ ಗೀರುಗಳೆಲ್ಲ ಪೂರ್ತಿ ಬಿತ್ತು. ನನ್ನದರಲ್ಲಿ ಹಿಮ್ಮಡಿ ಒಂದು ಅರ್ಧಚಂದ್ರ, ಎದುರು ಒಂದು ಸಣ್ಣ ಪಟ್ಟಿ, ಅಷ್ಟೇ, ನಡುವೆ ಖಾಲಿ! ಗ್ರಾನೈಟ್ ಮೇಲಿಟ್ಟು ನೋಡಿದ್ರೆ ಸೋಲ್ ಕವುಚಿ ಹಾಕಿದ ದೋಣಿಯ ಹಾಗೆ ಬಾಗಿತ್ತು, ನಡುವೆ ಎಕ್ಸ್‌ರೇ ಫಿಲ್ಮ್ ಆರಾಮಾಗಿ ನುಸುಳ್ತಿತ್ತು. ಹೊಸ 8ರ ಪಕ್ಕ ಇಟ್ರೆ ನನ್ನ 8 ಸುಮಾರು ಒಂದು ಸೈಜ್ ಚಿಕ್ಕದು. ಬೆರಳು ಒತ್ತುತ್ತದೆ ಅಂತ ಹೇಳ್ತಾ ಇದ್ದೆ, ಕಾಲು ಬಾತಿದೆ ಅಂತಲೇ ಲೆಕ್ಕ ಹಾಕಿದ್ದೆ ಮಾರಾಯ್ರೆ.

ವಿಷಯ ಏನಂದ್ರೆ ಬಿಸಿಗೆ ಇವಿಎ ಮೆತ್ತಗಾಗಿ ಕುಗ್ತದೆ, ದಪ್ಪ ಇರುವಲ್ಲಿ ಒಂದು ಥರ, ತೆಳು ಇರುವಲ್ಲಿ ಇನ್ನೊಂದು ಥರ, ಅದಕ್ಕೇ ಬಾಗುದು. ತೊಳೆಯುವುದಕ್ಕಿಂತಲೂ ಡ್ರೈಯರಿಂದಲೇ ಜಾಸ್ತಿ ಹಾಳಾದದ್ದು ಅಂತ ನನಗೆ ಅನಿಸ್ತದೆ. ಬಿಸಿಲಲ್ಲಿ ನಿಂತ ಕಾರೊಳಗೆ ಬಿಟ್ರೂ ಇದೇ ಗತಿ. (ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಮೆಷಿನಿಗೆ ಹಾಕುವಂಥ ಕ್ಲಾಗ್ ಬೇರೆಯೇ ಬರ್ತದೆ, 134 ಡಿಗ್ರಿ ಬಿಸಿ ತಡೆಯುವಂಥದ್ದು. ನಮ್ಮ ಹೊಸ ಹುಡುಗ ಒಬ್ಬ ಇವಿಎಯನ್ನೇ ಹಾಕಿ, ಹೊರಗೆ ತೆಗೆದಾಗ ಮಕ್ಕಳ ಚಪ್ಪಲಿಯ ಹಾಗೆ ಮುದುಡಿತ್ತು.)

ಇನ್ನೊಂದು ಸಂಗತಿ ಗೀರಿನ ಒಳಗೆ ಇತ್ತು. ಸೋಪು ಸರಿಯಾಗಿ ಹೋಗದೆ ಪದರ ಕಟ್ಟಿತ್ತು. ಒಣಗಿದ ಸೋಲ್ ಕೈಗೆ ಎಂತದೂ ಗೊತ್ತಾಗುದಿಲ್ಲ, ಒದ್ದೆ ಬೆರಳಲ್ಲಿ ಉಜ್ಜಿದ್ರೆ ಲೋಳೆ ಬಂದು ಸಣ್ಣ ನೊರೆ ಏಳ್ತದೆ, ಅಂದ್ರೆ ಒದ್ದೆ ನೆಲಕ್ಕೆ ಕಾಲಿಟ್ಟ ಕೂಡ್ಲೇ ನಾವೇ ಸೋಪು ಹಚ್ಚಿ ನಡೆದ ಹಾಗೆ.

ಈಗ ನಾವು ಮಾಡುವುದು ಹೀಗೆ. ಮೊದಲು ತಣ್ಣೀರಲ್ಲಿ ರಕ್ತ ತೆಗಿಯುದು, ಬಿಸಿನೀರು ಹಾಕಿದ್ರೆ ರಕ್ತ ಗೀರಲ್ಲೇ ಗಟ್ಟಿಯಾಗಿ ಕೂತ್ಕೊಳ್ತದೆ. ಮತ್ತೆ ಸ್ವಲ್ಪವೇ ಡಿಟರ್ಜೆಂಟ್ ಹಾಕಿ ಮೆತ್ತನೆ ಬ್ರಷ್ಷಲ್ಲಿ ಗೀರಿನ ದಿಕ್ಕಿಗೆ ಉಜ್ಜುದು, ತೊಳೆಯುದು. ಆಮೇಲೆ ಹೈಪೋ, ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್, 5% ಇರುವುದನ್ನು ಒಂದು ಪಾಲಿಗೆ ಒಂಬತ್ತು ಪಾಲು ನೀರು ಹಾಕಿದ್ರೆ 0.5% ಆಗ್ತದೆ, ಅದರಲ್ಲಿ 10 ನಿಮಿಷ. ರಕ್ತ ಉಳಿದಿದ್ರೆ ಹೈಪೋ ಅದಕ್ಕೇ ಖರ್ಚಾಗ್ತದೆ, ಅದಕ್ಕೇ ಈ ಕ್ರಮ. ಮೊದಲೆಲ್ಲ ರಾತ್ರಿಯಿಡೀ ನೆನೆಸಿಡ್ತಿದ್ರು, ಅದು ಬೇಡವೇ ಬೇಡ. ಕೊನೆಗೆ ಬೆರಳಲ್ಲಿ ಉಜ್ಜಿ ನೊರೆ ಬರದಷ್ಟು ತೊಳೆದು, ಫ್ಯಾನ್ ಕೆಳಗೆ ಸೋಲ್ ಮೇಲೆ ಮಾಡಿ ಇಡುದು. ಒಣಗ್ಲಿಕ್ಕೆ ಹೊತ್ತು ಹಿಡೀತದೆ, ಹಾಗಾಗಿ ಒಬ್ಬರಿಗೆ ಎರಡೆರಡು ಜೋಡಿ ಬೇಕು, ಅದಕ್ಕೆ ಸ್ಟೋರಿನವರ ಹತ್ರ ಜಗಳ ಮಾಡಿದ್ದು ಬೇರೆ ಕಥೆ.

ಸೋಪಿನ ಪದರ ಇದ್ದ ಜೋಡಿಗಳು ಇದರಿಂದ ಸರಿಯಾದವು, ಒದ್ದೆ ಟೈಲ್ಸಲ್ಲಿ ಮತ್ತೆ ಹಿಡೀತಾವೆ. ಬಾಗಿದ್ದು ಮಾತ್ರ ಸರಿ ಆಗುದಿಲ್ಲ. ಇಡೀ ದಿನ ಭಾರ ಇಟ್ಟು ನೋಡಿದೆ, ತೆಗೆದ ಮೇಲೆ ಪುನಃ ಬಾಗಿತು. ನನ್ನ ಹಳೇ ಜೋಡಿ ಈಗ ಮನೆಯಲ್ಲಿ, ಅಮ್ಮ ಹಟ್ಟಿಗೆ ಹೋಗುವಾಗ ಹಾಕ್ತಾರೆ, ಅವರಿಗೆ ಸೈಜ್ ಸರಿ ಆಯ್ತು. ಒದ್ದೆ ಜಗಲಿಗೆ ಮಾತ್ರ ಹಾಕ್ಬೇಡಿ ಅಂತ ಹೇಳಿದ್ದೇನೆ.